ಬಟ್ಟಿ ತಿಕ್ಕುವವಳ ಹೊಟ್ಟೆ

ಸಿಂಧನೂರಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೂತು ಮಂದಿಯ ಹೊಟ್ಟೆ ನೋಡುವುದು ನನ್ನ ಉದ್ಯೋಗ. ಮನೆ ಲಿಂಗಸುಗೂರಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ಮಸ್ಕಿ ಬರುವಷ್ಟರಲ್ಲಿ ನನ್ನದೊಂದು ನಿದ್ದೆ ಮುಗಿದಿರುತ್ತದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆ ವರ್ಷಗಳಲ್ಲಿ ನನ್ನ ಸಿಟ್ಟಿಗೆ ದೊಡ್ಡ ಕಾರಣವೆಂದರೆ ಎಣ್ಣೆ.

ಹೊಟ್ಟೆನೋವೆಂದು ಬಂದವರು ಮಂಚದ ಮೇಲೆ ಮಲಗಿ ಸೀರೆ ಸರಿಸಿದರೆ ಸಾಕು, ಹರಳೆಣ್ಣೆಯ ವಾಸನೆ ಗಪ್ಪನೆ ಬರುತ್ತಿತ್ತು. ಹೊಕ್ಕುಳ ಸುತ್ತ ಬಳೆಯಂಥ ಕೆಂಪು ಗುರುತು. ನಮ್ಮ ಕಡೆ ಹೊಟ್ಟೆ ನೋಯಿತೆಂದರೆ ಮೊದಲು ಬರುವ ಮಾತು "ಬಟ್ಟಿ ಸರದೈತಿ". ಭಾರ ಎತ್ತಿದಾಗ ಹೊಕ್ಕುಳಲ್ಲಿ ಬಡಿಯುವ ನಾಡಿ ಜಾಗ ಬಿಡುತ್ತದೆ, ಅದನ್ನು ಎಣ್ಣೆ ಹಚ್ಚಿ ತಿಕ್ಕಿ ಮರಳಿ ಕೂಡಿಸಬೇಕು ಎಂಬ ನಂಬಿಕೆ. ಕೆಲವರು ಹೊಕ್ಕುಳ ಮೇಲೆ ಹಣತೆ ಹಚ್ಚಿಟ್ಟು ತಂಬಿಗೆ ಬೋರಲು ಹಾಕುತ್ತಾರೆ. ದೀಪ ಆರಿ ತಂಬಿಗೆ ಹೊಟ್ಟೆಯನ್ನು ಎಳೆದು ಹಿಡಿಯುತ್ತದೆ. "ಯಾರ ಕಡೆ ತಿಕ್ಕಿಸಿದ್ರಿ?" ಎಂದು ಕೇಳಿದರೆ ಹತ್ತರಲ್ಲಿ ಆರು ಮಂದಿ ಹೇಳುತ್ತಿದ್ದುದು ಒಬ್ಬಳ ಹೆಸರನ್ನೇ. ಮುಕ್ಕುಂದದ ಕಡೆಯ ಹೆಣ್ಣುಮಗಳು. ಎಣ್ಣೆ ಒರೆಸಿ ಒರೆಸಿ ನನ್ನ ಟಿಶ್ಯೂ ಪೇಪರಿನ ಕಟ್ಟು ವಾರಕ್ಕೇ ಖಾಲಿಯಾಗುತ್ತಿತ್ತು. ಒಂದು ದಿನ ಆಕೆ ನನ್ನ ಕೈಗೆ ಸಿಗಲಿ, ನೋಡಿಕೊಳ್ಳುತ್ತೇನೆ ಎಂದುಕೊಂಡಿದ್ದೆ.

ಸಿಕ್ಕಳು. ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಸೊಸೆಯ ಹೆಗಲು ಹಿಡಿದು, ಬಲಗಾಲು ಎಳೆಯುತ್ತ, ಬಗ್ಗಿಕೊಂಡು ಒಳಗೆ ಬಂದಳು. ಐವತ್ತೈದರ ಆಸುಪಾಸಿನ ಗಟ್ಟಿ ಜೀವ, ಅಗಲ ಅಂಗೈ. ಸರ್ಜನ್ ಬರೆದುಕೊಟ್ಟ ಚೀಟಿಯಲ್ಲಿ ಅಪೆಂಡಿಕ್ಸ್ ಇರಬಹುದು, ನೋಡಿ ತಿಳಿಸಿ ಎಂದಿತ್ತು. ಹೊಟ್ಟೆಯ ಮೇಲೆ ಅದೇ ವಾಸನೆ, ಅದೇ ಕೆಂಪು ಬಳೆ. ಯಾರ ಕಡೆ ತಿಕ್ಕಿಸಿದಿರಿ ಎಂದು ಗದರುವ ಮೊದಲೇ ಸೊಸೆ ಹೇಳಿಬಿಟ್ಟಳು.

"ತಿಕ್ಕಾಕಿ ಇವರ ರೀ ಮೇಡಂ. ನಿನ್ನಿ ತಮಗ ತಾವ ಬಟ್ಟಿ ಸರದೈತಿ ಅಂದ್ರು. ತಮ್ಮ ಕೈ ಸಾಲವಲ್ದು ಅಂತ ನನ್ನ ಕಡೆ ಎರಡು ಸಲ ತಿಕ್ಕಿಸಿಕೊಂಡ್ರು."

ನನಗೆ ನಗು ತಡೆಯಲಾಗಲಿಲ್ಲ. ಆಕೆ ಮಲಗಿದಲ್ಲಿಂದಲೇ ದುರುಗುಟ್ಟಿ ನೋಡಿದಳು. "ನಗಬ್ಯಾಡ ಡಾಕ್ಟ್ರಮ್ಮ. ನಿನ್ನ ಮಿಷಿನ್ನಾಗ ಏನೂ ಇಲ್ಲಂದ್ರ ಮನಿಗಿ ಹೊಂಟೆ ನಾ. ಮುಂಜಾನಿಂದ ಮೂರು ಮಂದಿ ತಿಕ್ಕಿಸಿಕೊಳ್ಳಾಕ ಬಂದು ಕುಂತಾರ."

ಸೊಸೆಯಿಂದ ಉಳಿದ ಕಥೆ ತಿಳಿಯಿತು. ನಿನ್ನೆ ಮಧ್ಯಾಹ್ನ ಹೊಕ್ಕುಳ ಸುತ್ತ ನೋವು ಶುರುವಾಗಿದೆ. ಎರಡು ಸಲ ವಾಂತಿ. ರೊಟ್ಟಿ ಮುರಿದಿಲ್ಲ. ಬೆಳಗಾಗುವಷ್ಟರಲ್ಲಿ ನೋವು ಬಲಗಡೆ ಕೆಳಗಿಳಿದು ಅಲ್ಲೇ ನಿಂತಿದೆ, ಮೈ ಬಿಸಿಯಾಗಿದೆ. ಅಪೆಂಡಿಕ್ಸಿನ ನೋವು ಬಹಳಷ್ಟು ಸಲ ಹೀಗೇ ಬರುತ್ತದೆ. ಶುರುವಾಗುವ ಜಾಗ ಹೊಕ್ಕುಳಾದ್ದರಿಂದಲೇ ನಮ್ಮ ಮಂದಿ ಅದನ್ನು ಬಟ್ಟಿ ಎನ್ನುತ್ತಾರೆ.

ಎಣ್ಣೆ ಒರೆಸಿ, ಜೆಲ್ ಹಚ್ಚಿ, ಹೊಟ್ಟೆಯ ಮೇಲೆ ಆಡಿಸುವ ಪ್ರೋಬ್ ಇಟ್ಟೆ. ತೆರೆಯ ತುಂಬ ಬರೀ ಗಾಳಿ. ಕರುಳಿನಲ್ಲಿ ಗಾಳಿ ತುಂಬಿದರೆ ಶಬ್ದದ ಅಲೆ ಒಳಗಿಳಿಯುವುದಿಲ್ಲ, ಬಿಳಿ ಮಂಜು ಕವಿದಂತೆ ಕಾಣುತ್ತದೆ. ಹೀಗಾದಾಗ ಪ್ರೋಬನ್ನು ನಿಧಾನವಾಗಿ ಒತ್ತುತ್ತ ಗಾಳಿಯನ್ನು ಪಕ್ಕಕ್ಕೆ ಸರಿಸಬೇಕು. ನಾನು ಒತ್ತಿದಂತೆಲ್ಲ ಆಕೆಯ ಹೊಟ್ಟೆ ಹಲಗೆಯಾಗುತ್ತಿತ್ತು. ಹೊರಗೆ ಬೆಂಚಿನ ಮೇಲೆ ಹದಿನೈದು ಮಂದಿ ಕಾದಿದ್ದರು. ಹತ್ತು ನಿಮಿಷ ಹೋಯಿತು. ಅಪೆಂಡಿಕ್ಸ್ ಕಾಣಲಿಲ್ಲ ಎಂದು ಬರೆದು ಕೈ ತೊಳೆದುಕೊಳ್ಳುವ ಯೋಚನೆ ನನ್ನ ತಲೆಗೆ ಬಂದದ್ದು ಸುಳ್ಳಲ್ಲ.

ಆಗ ಆಕೆ ನನ್ನ ಮಣಿಕಟ್ಟು ಹಿಡಿದಳು. "ಹಿಂಗ ಒತ್ತತಾರೇನು? ಹೊಟ್ಟಿಗಿ ಹೆದರಿಕಿ ಆಗತೈತಿ. ಮೊಣಕಾಲು ಮಡಸ್ತೀನಿ ತಡಿ. ನಾ ಉಸುರು ಬಿಡ್ತೀನಿ, ಬಿಡುವಾಗ ಕೈ ಇಳಸು. ಉಸುರು ತಗೊಳ್ಳುವಾಗ ಒತ್ತಬ್ಯಾಡ, ಕೈ ಎತ್ತಲೂಬ್ಯಾಡ. ಅಲ್ಲೇ ಕೂಡಲಿ."

ಓದಿದ್ದು ನಾನು, ಪಾಠ ಹೇಳುವವಳು ಆಕೆ! ಸಿಟ್ಟು ಬಂತು. ಆದರೂ ಹೇಳಿದ ಹಾಗೆ ಮಾಡಿದೆ. ಒಂದು ಉಸಿರು, ಎರಡು, ಮೂರು. ಪ್ರತಿ ಉಸಿರಿಗೆ ಕೈ ಒಂದೊಂದು ಕೂದಲೆಳೆಯಷ್ಟು ಇಳಿಯಿತು. ನಾಲ್ಕನೆಯದಕ್ಕೆ ಗಾಳಿ ಪಕ್ಕಕ್ಕೆ ಸರಿದು ತೆರೆ ತಿಳಿಯಾಯಿತು. ಎದುರಿಗೇ ಇತ್ತು.

ದೊಡ್ಡ ಕರುಳಿನ ಬುಡದಿಂದ ಹೊರಟು, ಬೆರಳಿನಂತೆ ಚಾಚಿ, ಮುಂದೆ ದಾರಿಯಿಲ್ಲದೆ ನಿಂತ ಕೊಳವೆ. ಅಡ್ಡ ಹಿಡಿದು ನೋಡಿದರೆ ಒಂದರೊಳಗೊಂದು ಉಂಗುರ: ನಡುವೆ ಕಪ್ಪು ನೀರು, ಸುತ್ತ ಬಿಳಿ ಗೆರೆ, ಅದರ ಹೊರಗೆ ಬಾತ ಗೋಡೆ. ದಪ್ಪ ಆರು ಮಿಲಿಮೀಟರಿನೊಳಗಿದ್ದರೆ ಚಿಂತೆಯಿಲ್ಲ, ಇದು ಹನ್ನೊಂದು ಇತ್ತು. ಬುಡದಲ್ಲಿ ಒಂದು ಗಟ್ಟಿ ಚೂರು ಬಿಳಿಯಾಗಿ ಹೊಳೆಯುತ್ತ ಹಿಂದೆ ಕಪ್ಪು ನೆರಳು ಬಿಟ್ಟಿತ್ತು. ಸುತ್ತಲಿನ ಕೊಬ್ಬು ಕೆರಳಿ ಬೆಳ್ಳಗಾಗಿತ್ತು. ರಕ್ತ ಹರಿಯುವುದನ್ನು ತೆರೆಯ ಮೇಲೆ ಬಣ್ಣದಲ್ಲಿ ತೋರಿಸುವ ಗುಂಡಿ ಒತ್ತಿದೆ. ಗೋಡೆಯುದ್ದಕ್ಕೂ ಕೆಂಪು ಮಿಣುಕಿತು, ತುದಿಯಲ್ಲಿ ಮಾತ್ರ ಇಲ್ಲ. ಅಲ್ಲಿಗೆ ರಕ್ತ ಹೋಗುತ್ತಿರಲಿಲ್ಲ.

ತೆರೆಯನ್ನು ಆಕೆಯ ಕಡೆ ತಿರುಗಿಸಿದೆ. "ಇಲ್ಲಿ ನೋಡ್ರಿ. ಇದು ಒಳ್ಳೆ ಕರುಳು. ನಾ ಒತ್ತಿದ್ರ ಚಪ್ಪಟಿ ಆಗತೈತಿ, ಎರೆಹುಳದಂಗ ಹರದಾಡತೈತಿ. ಇದು ನೋಡ್ರಿ, ಎಷ್ಟು ಒತ್ತಿದ್ರೂ ಬಗ್ಗವಲ್ದು, ಮಿಸುಕವಲ್ದು."

ಆಕೆ ನನ್ನ ಕೈ ಮೇಲೆ ತನ್ನ ಕೈ ಇಟ್ಟಳು. ಪ್ರೋಬಿನ ಜೊತೆ ತಾನೂ ಒಂದಿಷ್ಟು ಒತ್ತಿದಳು, ತೆರೆ ನೋಡಿದಳು. ಮುಖ ಹಿಂಡಿಕೊಂಡರೂ ಬಿಡಲಿಲ್ಲ. ಮೂವತ್ತು ವರ್ಷ ಬರೀ ಬೆರಳಿನಿಂದ ನೋಡಿದವಳಿಗೆ ಅಂದು ಕಣ್ಣೂ ಸಿಕ್ಕಿತ್ತು. "ಖರೇ. ಬಗ್ಗವಲ್ದು," ಅಂದಳು. "ಇರಲಿ. ಗುಳಿಗಿ ಕೊಡು. ನಾಕು ದಿನ ನೋಡೂಣು. ಬಟ್ಟಿ ತಿಕ್ಕಾಕಿ ಹೊಟ್ಟಿ ಕೊಯ್ಸಿಕೊಂಡ್ಳು ಅಂತ ಗೊತ್ತಾದ್ರ ಊರಾಗ ನನ್ನ ಮಾರಿ ಯಾರು ನೋಡ್ತಾರ?"

"ನಾಕು ದಿನ ಅಲ್ಲ, ನಾಕು ತಾಸೂ ಭಾಳ ಆತು," ಅಂದೆ. ಬುಡದ ಚೂರು ಬಿರಡೆಯಂತೆ ಕೂತಿದೆ. ಒಳಗೆ ಲೋಳೆ ಊರುತ್ತಲೇ ಇರುತ್ತದೆ, ಹೊರಗೆ ಹೋಗಲು ದಾರಿಯಿಲ್ಲ. ಉಬ್ಬಿದ ಹಾಗೆ ಗೋಡೆಯ ರಕ್ತನಾಳಗಳು ಅದುಮಿಹೋಗುತ್ತವೆ. ರಕ್ತ ಹೋಗದ ಜಾಗ ಸತ್ತು ಮೆತ್ತಗಾಗಿ ತೂತು ಬೀಳುತ್ತದೆ. ಒಳಗಿನ ಕೀವು, ಹೊಲಸು ಎಲ್ಲ ಹೊಟ್ಟೆಯ ತುಂಬ ಹರಡುತ್ತದೆ. ಇದನ್ನೆಲ್ಲ ಆಕೆಗೆ ತಿಳಿಯುವ ಮಾತಿನಲ್ಲಿ ಹೇಳಿದೆ. "ಒಡದ ಕೂಡ್ಲೆ ಒಮ್ಮೊಮ್ಮೆ ನೋವು ಇಳದಂಗ ಆಗತೈತಿ. ಬಟ್ಟಿ ಕುಂತಿತು ಅಂತ ಮಂದಿ ಖುಷಿ ಆಗತಾರ. ಆಮ್ಯಾಲೆ ಹೊಟ್ಟಿ ಪೂರಾ ಹಿಡೀತೈತಿ."

ಆಕೆ ಬೆರಳು ಮಡಚಿ ಏನೋ ಎಣಿಸಿದಳು.

"ಹೋದ ವರ್ಷ ಬಳಗಾನೂರಾಗಿಂದ ಒಂದು ಹುಡುಗಿ ಕರಕೊಂಡು ಬಂದಿದ್ರು," ಅಂದಳು. "ಹಿಂಗ ಇತ್ತು. ನಾ ತಿಕ್ಕಿದೆ. ತಿಕ್ಕಿದ ಮ್ಯಾಲೆ ನೋವು ಹೋತು ಅಜ್ಜಿ ಅಂತ ನಕ್ಕೋತ ಹೋತು. ಮರುದಿನ ಹೊಟ್ಟಿ ಉಬ್ಬಿ ರಾಯಚೂರಿಗಿ ಒಯ್ದ್ರು. ಒಡದಿತ್ತಂತ. ಉಳಕೊಂಡ್ತು, ಆದ್ರ ಇಪ್ಪತ್ತು ದಿನ ದವಾಖಾನ್ಯಾಗ ಇತ್ತು."

"ತಿಕ್ಕೂಕಿಂತ ಮೊದಲ ಒಂದು ಸ್ಕ್ಯಾನ್ ಮಾಡಸ್ರಿ ಅನ್ನಾಕ ಏನಾಗಿತ್ತು ನಿಮಗ?" ನನ್ನ ದನಿ ಏರಿತ್ತು.

ಆಕೆ ನನ್ನನ್ನೇ ನೋಡಿದಳು. "ಮಾಡಿಸಿದ್ರು. ನಿನ್ನ ಕಡೇನ ಮಾಡಿಸಿಕೊಂಡು ಬಂದಿದ್ರು. ಡಾಕ್ಟ್ರಮ್ಮ ಮಿಷಿನ್ನಾಗ ಏನೂ ಕಾಣಲಿಲ್ಲಂದ್ಳು ಅಂತ ಅವರವ್ವ ಹೇಳಿದ್ಳು. ದೊಡ್ಡ ಮಿಷಿನ್ನಾಗ ಇಲ್ಲಂದ್ರ ಮತ್ತ ಬಟ್ಟೀನ ಅಂತ ತಿಳಕೊಂಡೆ."

ಆ ಹುಡುಗಿ ನೆನಪಿಗೆ ಬರಲಿಲ್ಲ. ಬರದಿದ್ದುದೇ ಹೆಚ್ಚು ಚುಚ್ಚಿತು. ಗಾಳಿ ತುಂಬಿದ್ದ ಒಂದು ಹೊಟ್ಟೆ, ಬೆಂಚಿನ ತುಂಬ ಮಂದಿ, ಊಟದ ಹೊತ್ತು, "ಏನೂ ಕಾಣಲಿಲ್ಲ, ಹೋಗಿಬರ್ರಿ" ಎಂದಿರಬೇಕು ನಾನು. ಕಾಣದಿದ್ದರೂ ರೋಗ ಇರಬಹುದು, ನೋವು ಕೆಳಗಿಳಿದರೆ ಸಂಜೆಗೇ ಮತ್ತೆ ಬನ್ನಿ ಎಂಬ ಎರಡು ಮಾತು ನನಗೆ ಭಾರವಾಗಿದ್ದವು. ಇಷ್ಟು ವರ್ಷ ನಾನು ಒರೆಸಿದ್ದು ಆಕೆಯ ಎಣ್ಣೆಯನ್ನಷ್ಟೇ, ನನ್ನ ತಪ್ಪು ನನಗೆ ಕಂಡಿರಲಿಲ್ಲ. ನಾಚಿಕೆಯಾಯಿತು, ಹಾಗೆಂದು ಆಕೆಗೂ ಹೇಳಿದೆ.

"ಇರಲಿ ಬಿಡು," ಎಂದಳು, ಹೊಟ್ಟೆ ಹಿಡಿದುಕೊಂಡೇ. "ಇನ್ನೊಮ್ಮೆ ತಿಕ್ಕಿಸಿಕೊಂಡಿದ್ರ ನಂದೂ ಒಡೀತಿತ್ತೇನು?"

"ಒಡೀಬಹುದಿತ್ತು."

ಸೊಸೆ ಅಳುತ್ತ ತನ್ನ ಎರಡೂ ಕೈ ಸೆರಗಿನೊಳಗೆ ಮುಚ್ಚಿಕೊಂಡಳು. ಅತ್ತೆ ಅವಳ ಕಡೆ ತಿರುಗಿ, "ನೀ ಯಾಕ ಅಳ್ತಿ ಬೇ? ಒತ್ತು ಅಂದಾಕಿ ನಾ. ನಡಿ, ಕೊಯ್ಯೋ ಡಾಕ್ಟರು ಎಲ್ಲದಾನ ತೋರಸು. ಜಲ್ದಿ," ಎಂದಳು. ನಾನು ಸರ್ಜನ್‌ಗೆ ಫೋನ್ ಮಾಡಿ ತುದಿಯ ಸಂಗತಿ ಹೇಳಿದೆ. ಮಧ್ಯಾಹ್ನ ಎರಡಕ್ಕೆ ಆಪರೇಷನ್ನಿಗೆ ಒಳಗೆ ಕರೆದೊಯ್ದರು. ಸಂಜೆ ಅವರು ತಾವಾಗಿಯೇ ಫೋನ್ ಮಾಡಿದರು. ತುದಿ ಕಪ್ಪಾಗಿತ್ತಂತೆ, ಒಡೆದಿರಲಿಲ್ಲ. ಲಿಂಗಸುಗೂರಿನ ಬಸ್ಸಿನಲ್ಲಿ ಕೂತು, ಪಕ್ಕದ ಅಪರಿಚಿತ ಹೆಂಗಸಿಗೆ ಆ ಸುದ್ದಿ ಹೇಳಿಬಿಟ್ಟೆ. ಆಕೆ ಪಾಪ, ಏನೂ ತಿಳಿಯದೆ "ಛಲೋ ಆತು ಬಿಡ್ರಿ" ಎಂದು ಬಾಳೆಹಣ್ಣು ಕೊಟ್ಟಳು.

ಊರಲ್ಲಿ ಆಕೆಯ ಮಾರಿ ನೋಡದವರು ಯಾರೂ ಇರಲಿಲ್ಲ. ಹೊಲಿಗೆ ಬಿಚ್ಚುವ ಮೊದಲೇ ಮುಕ್ಕುಂದದ ಅರ್ಧ ಊರು ಹಾಸಿಗೆಯ ಸುತ್ತ ಕೂತು ಹರಟೆ ಹೊಡೆದು ಹೋಗಿತ್ತು. ಆಕೆಯೇ ಆಪರೇಷನ್ನಿಗೆ ಹೊಟ್ಟೆಯ ಮೇಲೆ ಮಾಡಿದ ಮೂರು ಸಣ್ಣ ತೂತಿನ ಗುರುತು ತೋರಿಸಿ ತೋರಿಸಿ ಕಥೆ ಹೇಳುತ್ತಿದ್ದಳಂತೆ.

ತಿಂಗಳ ಮೇಲೆ ಒಂದು ಭಾನುವಾರ ನಾವಿಬ್ಬರೂ ಬಳಗಾನೂರಿಗೆ ಹೋದೆವು. ಹೋಗೋಣ ಎಂದವಳು ಆಕೆ. ದಾರಿಯುದ್ದಕ್ಕೂ ನಾನು ಗಾಳಿ, ಅಲೆ, ಯಂತ್ರದ ಮಿತಿ ಎಂದು ಒಳಗೊಳಗೇ ವಿವರಣೆ ಜೋಡಿಸುತ್ತಿದ್ದೆ. ಬಾಗಿಲಲ್ಲಿ ನಮ್ಮಿಬ್ಬರನ್ನು ಒಟ್ಟಿಗೆ ಕಂಡ ಹುಡುಗಿಯ ತಾಯಿಗೆ ದಿಗಿಲು. ಹುಡುಗಿ ಕಾಲೇಜಿನ ಪುಸ್ತಕ ಕೆಳಗಿಟ್ಟು ಎದ್ದು ನಿಂತಳು. ಬಟ್ಟಿ ತಿಕ್ಕುವಾಕೆ ಸುತ್ತುಬಳಸಿ ಮಾತಾಡಲಿಲ್ಲ. "ತಪ್ಪಾತು ನನ್ನವ್ವ," ಎಂದು ಅವಳ ಗದ್ದ ಮುಟ್ಟಿದಳು. ನನ್ನ ವಿವರಣೆಯೆಲ್ಲ ಎಲ್ಲಿ ಹೋಯಿತೋ, "ನನ್ನಿಂದನೂ ಯವ್ವಾ," ಎಂದಷ್ಟೇ ಬಂತು.

ಹುಡುಗಿ ನಮ್ಮಿಬ್ಬರ ಮುಖ ನೋಡಿ ನಕ್ಕುಬಿಟ್ಟಳು. "ಹಿಂಗ ಇಬ್ಬರೂ ಕೂಡೇ ಅವತ್ತು ಬಂದಿದ್ರ ಆಗತಿತ್ತಲ್ಲ," ಎಂದಳು. ಅವಳ ತಾಯಿ ನಗಲಿಲ್ಲ. ಆದರೂ ಚಾಪೆ ಹಾಸಿ ಕೂಡ್ರಿ ಎಂದಳು.