ಅಣ್ಣನ ಹೆಗಲ ಮೇಲಿನ ಹಸಿರು ಚೂರು

ಹಗರಿಬೊಮ್ಮನಹಳ್ಳಿಯ ಒಂದು ಫೋಟೊ ಸ್ಟುಡಿಯೋದಲ್ಲಿ ಕೂತು ಮದುವೆ ಆಲ್ಬಂ ಮಾಡುವುದು ನನ್ನ ಕೆಲಸ. ಕಪ್ಪಗಿದ್ದವರನ್ನು ಬೆಳ್ಳಗೆ ಮಾಡಿದ್ದೇನೆ, ಮುನಿಸಿಕೊಂಡು ನಿಂತ ಬೀಗರನ್ನು ಪಕ್ಕಪಕ್ಕಕ್ಕೆ ತಂದಿದ್ದೇನೆ. ಮದುವೆಗೆ ಬಾರದ ಅಜ್ಜನನ್ನು ಅಕ್ಷತೆ ಹಾಕುವವರ ಸಾಲಿನಲ್ಲಿ ನಿಲ್ಲಿಸಿದ್ದೂ ಉಂಟು. ಅದಕ್ಕೆಲ್ಲ ನನಗೆ ಎಂದೂ ಏನೂ ಅನಿಸಿಲ್ಲ. ನಮ್ಮ ಮನೆಯ ಪಂಚಮಿ ಫೋಟೊದಲ್ಲಿ ಅಣ್ಣನನ್ನು ಸೇರಿಸಿದ್ದು ಮಾತ್ರ ಇವತ್ತಿಗೂ ಎದೆಯಲ್ಲಿ ಚುಚ್ಚುತ್ತದೆ.

ನನ್ನ ತವರು ಕೊಟ್ಟೂರು. ಅಪ್ಪ ಶಾಲೆಯಲ್ಲಿ ಜವಾನರಾಗಿದ್ದು ನಿವೃತ್ತರಾದವರು. ಅಣ್ಣ ಹರಪನಹಳ್ಳಿಯಲ್ಲಿ ಬಸ್ ಕಂಡಕ್ಟರ್. ದೂರವೇನಲ್ಲ, ಅವನ ಬಸ್ಸೇ ಎಷ್ಟೋ ಸಲ ನಮ್ಮೂರಿನ ಮೇಲೆ ಹಾದು ಹೋಗುತ್ತದೆ. ಆದರೂ ಎರಡು ವರ್ಷ ಅವನು ಮನೆಗೆ ಕಾಲಿಟ್ಟಿರಲಿಲ್ಲ. ಕಾರಣ ನಾನು. ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ ಅಷ್ಟೇ.

ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ದಾವಣಗೆರೆಗೆ ಕರೆದೊಯ್ದವಳು ನಾನು. ಅಣ್ಣನಿಗೆ ಮೆಸೇಜ್ ಹಾಕಿದವಳೂ ನಾನೇ: "ಸಣ್ಣ ಪೆಟ್ಟು. ನೀ ಡ್ಯೂಟಿ ಬಿಟ್ಟು ಬರೋದ ಬ್ಯಾಡ, ನಾ ಅದೀನಿ." ಅವನಿಗೆ ತೊಂದರೆ ಆಗಬಾರದೆಂದು ಹಾಗೆ ಬರೆದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ಮಗಳೇ ಎಲ್ಲ ಮಾಡಿದಳು ಎಂದು ನಾಲ್ಕು ಜನ ಅನ್ನಲಿ ಎಂಬ ಆಸೆ ಇತ್ತು. ಆಪರೇಷನ್ ಆಗಿದೆ ಎಂದು ಬೇರೆ ಯಾರಿಂದಲೋ ತಿಳಿದು ಅವನು ನಾಲ್ಕನೇ ದಿನ ಓಡಿ ಬಂದ. ನೋಡಲು ಬಂದ ನೆಂಟರೆಲ್ಲ ಮಂಚದ ಸುತ್ತ ನಿಂತಿದ್ದರು. ಅಪ್ಪ, "ಈಗ ಬಂದೇನಪ್ಪಾ?" ಎಂದರು. ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. "ಅವಗ ಡ್ಯೂಟಿನ ದೊಡ್ಡದು ಬಿಡಪ್ಪ" ಎಂದೆ.

ಅಣ್ಣ ನನ್ನ ಮುಖ ನೋಡಿದ. ಮೆಸೇಜಿದ್ದ ಫೋನು ಅವನ ಜೇಬಿನಲ್ಲೇ ಇತ್ತು. ತೆಗೆಯಲಿಲ್ಲ. ಅಪ್ಪನ ಕಾಲು ಮುಟ್ಟಿ, ಸಂಜೆಯ ತನಕ ಇದ್ದು ಹೋದ. ಆಮೇಲೆ ಹಬ್ಬಕ್ಕೆ ಅವ್ವ ಫೋನ್ ಮಾಡಿದಾಗಲೆಲ್ಲ ರಜಾ ಇಲ್ಲ ಎಂದ. ಅಪ್ಪ ಅವನ ಹೆಸರು ಎತ್ತುವುದನ್ನೇ ಬಿಟ್ಟರು.

ನಾನು ಹೇಳುತ್ತಿರುವ ಪಂಚಮಿ ಎರಡನೆಯ ವರ್ಷದ್ದು. ನಾಗಪ್ಪನಿಗೆ ಹಾಲೆರೆಯುವಾಗ ಅವ್ವ ಒಬ್ಬೊಬ್ಬರ ಪಾಲು ಹೇಳಿ ಎರೆಯುತ್ತಾಳೆ. ಅಪ್ಪನ ಪಾಲು, ಮಗಳ ಪಾಲು, ಅಳಿಯನ ಪಾಲು, ಮೊಮ್ಮಗಳ ಪಾಲು. ಅಣ್ಣನ ಪಾಲಿಗೆ ಬಂದಾಗ ಕೊಬ್ಬರಿ ಬಟ್ಟಲನ್ನು ಎರಡು ಸಲ ಅದ್ದಿ ಎರೆದಳು. ಆಮೇಲೆ ಉಂಡಿ ತಿಂದು, ನನ್ನ ಮಗಳು ಜೋಕಾಲಿ ಆಡಿ ಮುಗಿದ ಮೇಲೆ ಫೋಟೊಕ್ಕೆ ನಿಂತೆವು. ಸ್ಟುಡಿಯೋದ ಕ್ಯಾಮೆರಾ ತಂದಿದ್ದೆ. ಸ್ಟ್ಯಾಂಡಿನ ಮೇಲಿಟ್ಟು, ಹತ್ತು ಸೆಕೆಂಡಿನ ಟೈಮರ್ ಹಾಕಿ ಓಡಿ ಬಂದು ನಿಲ್ಲುವುದು ನಮ್ಮ ಪದ್ಧತಿ. ಅಪ್ಪ ಅವ್ವ ಕುರ್ಚಿಯಲ್ಲಿ, ನಾವು ಹಿಂದೆ.

"ಅಣ್ಣನ ಜಾಗ ಬಿಡ್ರಿ" ಎಂದಳು ಅವ್ವ. ಹೋದ ವರ್ಷವೂ ಹಾಗೇ ಅಂದಿದ್ದಳು. ಅವಳ ಕುರ್ಚಿಯ ಹಿಂದೆ ಒಂದಾಳಿನ ಜಾಗ ಬಿಟ್ಟು ನಿಂತೆವು. ಅಪ್ಪ ಕ್ಯಾಮೆರಾ ನೋಡಲಿಲ್ಲ.

ಆ ಖಾಲಿ ಜಾಗ ನನಗೆ ನೋಡಲಾಗಲಿಲ್ಲ. ಮರುದಿನ ಸ್ಟುಡಿಯೋದಲ್ಲಿ ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದಾಗ ಕಂಪ್ಯೂಟರಿನಲ್ಲಿ ಆ ಫೋಟೊ ತೆರೆದೆ. ಪಕ್ಕದಲ್ಲಿ, ಅಪ್ಪ ಬೀಳುವ ಮುಂಚಿನ ಪಂಚಮಿಯದನ್ನೂ ತೆರೆದೆ. ಅಣ್ಣ ನಿಂತ ಪೂರ್ತಿ ಫೋಟೊ ಅದೊಂದೇ ಇದ್ದದ್ದು. ಉಳಿದವೆಲ್ಲ ಡ್ಯೂಟಿಯ ಖಾಕಿ ತೊಟ್ಟಾಗಿನವು.

ನೋಡಿದವರಿಗೆ ಇದು ಕತ್ತರಿಸಿ ಅಂಟಿಸುವ ಕೆಲಸ. ಮಾಡುವವರಿಗೆ ಮೊದಲ ತಲೆನೋವು ಬೆಳಕು. ಹಳೆಯದು ಸಂಜೆ ತೆಗೆದದ್ದು, ಬಿಸಿಲು ಬಲಗಡೆಯಿಂದ ಬಿದ್ದಿತ್ತು. ಹೊಸದರಲ್ಲಿ ಹನ್ನೊಂದು ಗಂಟೆಯ ಬಿಸಿಲು, ಎಡಗಡೆಯಿಂದ. ಅಣ್ಣನ ಅಂಚಿಗೆ ಚುಕ್ಕೆ ಚುಕ್ಕೆ ಇಟ್ಟು ಬಿಡಿಸಿಕೊಂಡೆ. ಕೂದಲಿಗೆ ಮಾತ್ರ ಮೆತ್ತನೆಯ ಬ್ರಷ್ ಬಳಸಿದೆ, ಇಲ್ಲದಿದ್ದರೆ ಟೊಪ್ಪಿಗೆ ಇಟ್ಟಂತೆ ಕಾಣುತ್ತದೆ. ಸುತ್ತ ಉಳಿಯುವ ಬಿಳಿ ಗೆರೆ ಹೋಗಲೆಂದು ಅಂಚನ್ನು ಕೂದಲೆಳೆಯಷ್ಟು ಒಳಕ್ಕೆ ಒತ್ತಿದೆ. ಬೆಳಕು ಹೊಂದಲೆಂದು ಅವನನ್ನು ಕನ್ನಡಿಯಂತೆ ತಿರುಗಿಸಿದೆ. ತಿರುಗಿಸಿದ ಕೂಡಲೇ ಎಡಗೆನ್ನೆಯ ಮಚ್ಚೆ ಬಲಗೆನ್ನೆಗೆ ಹೋಯಿತು, ಅಂಗಿಯ ಜೇಬು ಬಲಗಡೆಗೆ ಬಂತು. ಮಚ್ಚೆಯನ್ನು ಅಲ್ಲಿ ಅಳಿಸಿ ಮತ್ತೆ ಎಡಗೆನ್ನೆಗೇ ಇಟ್ಟೆ. ಜೇಬನ್ನೂ ಎತ್ತಿ ಎಡಕ್ಕೆ ತಂದೆ.

ಎತ್ತರ ಎಷ್ಟಿರಬೇಕು? ಅಪ್ಪನ ಪಕ್ಕ ಅಳೆಯೋಣವೆಂದರೆ ಅಪ್ಪ ಈಗ ಕುರ್ಚಿ ಹಿಡಿದವರು. ಎರಡೂ ಫೋಟೊದಲ್ಲಿ ನಮ್ಮ ಮನೆಯ ಬಾಗಿಲು ಇತ್ತು, ಅಣ್ಣ ಅದೇ ಬಾಗಿಲ ಮುಂದೆ ಅಷ್ಟೇ ದೂರದಲ್ಲಿ ನಿಂತಿದ್ದ. ಚೌಕಟ್ಟಿಗೆ ಚೌಕಟ್ಟು ಹೊಂದಿಸಿದೆ, ಎತ್ತರ ತಾನಾಗಿಯೇ ಸಿಕ್ಕಿತು. ಅವನು ಅವ್ವನ ಹಿಂದೆ ಇರಬೇಕಲ್ಲ, ಅವ್ವನ ಹೆಗಲು ಸೆರಗು ಅವನನ್ನು ಮರೆಮಾಡುವಂತೆ ಅಷ್ಟು ಭಾಗ ಮುಚ್ಚಿದೆ. ಸಂಜೆಯ ಹಳದಿ ತೆಗೆದೆ. ಹಳೆಯದು ಫೋನಿನ ಫೋಟೊ, ರವೆ ಉದುರಿಸಿದಂತೆ ಸ್ವಲ್ಪ ಕಾಳುಕಾಳು. ಅದಕ್ಕೆ ಅವನ ಮೇಲಿನ ಕಾಳನ್ನು ತಗ್ಗಿಸಿ, ಇಡೀ ಚಿತ್ರದ ಮೇಲೆ ಒಂದೇ ಸಮನಾಗಿ ಸಣ್ಣ ಕಾಳು ಉದುರಿಸಿದೆ. ಕೊನೆಗೆ ನೆರಳು: ಅವನ ಆಕಾರಕ್ಕೆ ಕಪ್ಪು ತುಂಬಿ, ಉಳಿದವರ ನೆರಳು ಬಿದ್ದ ಕಡೆಗೇ ನೆಲದ ಮೇಲೆ ಓರೆಯಾಗಿ ಮಲಗಿಸಿ, ಕಾಲ ಬಳಿ ಗಾಢವಾಗಿ, ದೂರ ಹೋದಂತೆ ಮಸುಕಾಗಿ ಬಿಟ್ಟೆ.

ಎಲ್ಲಕ್ಕಿಂತ ಹೊತ್ತು ಹಿಡಿದದ್ದು ಅವನ ಹೆಗಲು. ಹಳೆಯ ಫೋಟೊದಲ್ಲಿ ಅವನ ಹೆಗಲ ಮೇಲೆ ನನ್ನ ಕೈ ಇತ್ತು. ಆ ವರ್ಷ ಅವನೇ ಹಬ್ಬಕ್ಕೆ ಕರೆಯಲು ಬಂದಿದ್ದ, ದಾರಿಯುದ್ದಕ್ಕೂ ನಗಿಸಿದ್ದ. ಅವನ ಅಂಗಿ ನೀಲಿ ಗೆರೆಗಳದ್ದು. ಇನ್ನೊಂದು ಹೆಗಲಿನ ಬಟ್ಟೆಯನ್ನು ಸ್ವಲ್ಪಸ್ವಲ್ಪವೇ ತಂದು, ಗೆರೆಗೆ ಗೆರೆ ಕೂಡಿಸುತ್ತಾ, ನನ್ನ ಬೆರಳುಗಳನ್ನು ಒಂದೊಂದಾಗಿ ಅಳಿಸಿದೆ. ಮೂರು ದಿನದ ಊಟದ ಹೊತ್ತು ಇದಕ್ಕೇ ಹೋಯಿತು. ಅಣ್ಣನಿಗೆ ಒಂದು ಫೋನ್ ಮಾಡಿ ತಪ್ಪಾಯಿತು ಎನ್ನಲು ಎರಡು ನಿಮಿಷ ಸಾಕಿತ್ತು. ಆ ಎರಡು ನಿಮಿಷ ನನ್ನಿಂದಾಗಲಿಲ್ಲ.

ಚೌಕಟ್ಟು ಹಾಕಿಸಿ ಕೊಟ್ಟೂರಿಗೆ ಒಯ್ದೆ. ಅವ್ವ ಸೆರಗಿನಿಂದ ಗಾಜು ಒರೆಸಿ, "ಬಂದಂಗ ಐತಿ ನೋಡ" ಎಂದು ಕಣ್ಣು ಒರೆಸಿಕೊಂಡಳು. ಅಪ್ಪ ಬಹಳ ಹೊತ್ತು ನೋಡಿ, "ಫೋಟೊಕ್ಕ ಬಂದಾನ, ಮನಿಗಿ ಬಂದಿಲ್ಲ" ಎಂದರು. ಆ ಮಾತಿಗಾದರೂ ನಾನು ನಿಜ ಹೇಳಬೇಕಿತ್ತು. ಗೋಡೆಗೆ ಮೊಳೆ ಹುಡುಕಿದೆ.

ಅದಕ್ಕಿಂತ ದೊಡ್ಡ ಹುಚ್ಚುತನ ಇನ್ನೊಂದು ಮಾಡಿದ್ದೆ. ಫೋಟೊವನ್ನು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಎಲ್ಲರೂ ಕೈಮುಗಿದದ್ದೇ ಮುಗಿದದ್ದು. ಅಪ್ಪ ಮಗ ಕೂಡಿದರು, ಚಲೋ ಆತು ಎಂದರು. ಅಲ್ಲ, ಸೇರಿಸಿದ್ದು ಎಂದು ನಾನು ಬರೆಯಲಿಲ್ಲ. ಗುಂಪಿನಲ್ಲಿ ಅಣ್ಣನೂ ಇದ್ದ. ಅವನೂ ಏನೂ ಬರೆಯಲಿಲ್ಲ.

ವಾರದ ಮೇಲೆ ಹಡಗಲಿಯಿಂದ ಸೋದರಮಾವ ಫೋನ್ ಮಾಡಿದರು. "ನಿಮ್ಮಣ್ಣಗ ಫೋನ್ ಹಚ್ಚಿದ್ದೆನವ್ವ. ಹಬ್ಬಕ್ಕ ಹೋಗಿದ್ದೇನ ಅಂದೆ. ಹೂಂ ಮಾವ, ಹೋಗಿದ್ದೆ ಅಂದ. ನನಗ ಭಾಳ ಸಮಾಧಾನ ಆತು."

ಆಸ್ಪತ್ರೆಯಲ್ಲಿ ಅಣ್ಣ ನನ್ನ ಸುಳ್ಳನ್ನು ಸುಮ್ಮನಿದ್ದು ಉಳಿಸಿದ್ದ. ಈಗ ಬಾಯಿಬಿಟ್ಟು ಇನ್ನೊಂದನ್ನು ಉಳಿಸಿದ. ಮರುದಿನ ಸ್ಟುಡಿಯೋಗೆ ರಜಾ ಹೇಳಿ ಹರಪನಹಳ್ಳಿ ಬಸ್ ಹತ್ತಿದೆ.

ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ನನ್ನನ್ನು ನೋಡಿ ಇನ್ನೊಂದು ಚಹಾ ಹೇಳಿದ.

"ಮಾವಗ ಯಾಕ ಹಂಗ ಹೇಳಿದಿ ಅಣ್ಣ?"

"ಮತ್ತೇನ ಹೇಳ್ಲಿ? ನನ್ನ ತಂಗಿ ಸುಳ್ಳು ಹೇಳ್ಯಾಳ ಅನ್ಲ್ಯಾ?"

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ದಣಿದು ಹೇಳಿದ. ಆಮೇಲೆ ಫೋನ್ ತೆಗೆದು ಆ ಫೋಟೊವನ್ನೇ ಬೆರಳಿನಿಂದ ಹಿಗ್ಗಿಸಿ ತೋರಿಸಿದ. ಅವನ ಹೆಗಲಿನ ನೀಲಿ ಗೆರೆಗಳ ನಡುವೆ ಅಕ್ಕಿಕಾಳಿನಷ್ಟು ಹಸಿರು. ಅಳಿಸದೆ ಉಳಿದ ನನ್ನ ಬಳೆಯ ಚೂರು.

"ಇದನ್ನ ನೋಡಿದ ಮ್ಯಾಲ ಯಾವ ಫೋಟೊ ಅಂತ ಗೊತ್ತಾತು. ನಿನ್ನ ಕೈ ತಗದೀಯಲ್ಲ" ಎಂದ.

ನಾನು ಅಲ್ಲೇ ಅತ್ತೆ. ಚಹಾದವನು ಮುಖ ತಿರುಗಿಸಿಕೊಂಡ. "ಆ ಮೆಸೇಜ್ ಇನ್ನ ಐತೇನ?" ಎಂದು ಕೇಳಿದೆ.

"ಐತಿ. ಅಳಸಿಲ್ಲ."

"ಅಪ್ಪಗ ಆವತ್ತ ತೋರಿಸಿದ್ರ ಆಗ್ತಿತ್ತಲ್ಲ."

"ನೀನ ತೋರಿಸ್ತಿ ಅಂತ ಎರಡು ವರ್ಷ ಕುಂತೀನಿ."

ಅವನ ಬಸ್ಸಿನಲ್ಲೇ ಕೊಟ್ಟೂರಿಗೆ ಬಂದೆ. ದಾರಿಯಲ್ಲಿ ಅವನು ಟಿಕೆಟ್ ಹರಿಯುತ್ತಾ ನನ್ನ ಪಕ್ಕ ನಾಲ್ಕು ಸಲ ಹಾದುಹೋದ, ನನ್ನನ್ನು ಇಳಿಸಿ ಬಸ್ಸಿನ ಜೊತೆ ಮುಂದೆ ಹೋದ. ಮನೆಗೆ ಹೋಗಿ ನನ್ನ ಫೋನಿನಲ್ಲಿದ್ದ ಅದೇ ಮೆಸೇಜನ್ನು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು.

"ಅವಂಗ ಹಚ್ಚು" ಎಂದರು. ಹಚ್ಚಿಕೊಟ್ಟೆ. "ಉಂಡೇನಪ್ಪಾ?" ಎಂದು ಕೇಳಿದರು. ಫೋನ್ ನನಗೆ ವಾಪಸ್ ಕೊಡದೆ ಅವ್ವನ ಕೈಗೆ ಕೊಟ್ಟರು. ಅವತ್ತು ನಾನು ಬಡಿಸಲು ಹೋದಾಗ, "ನಿಮ್ಮವ್ವ ನೀಡ್ತಾಳ" ಎಂದರು.

ಈ ವರ್ಷದ ಪಂಚಮಿಗೆ ಅಣ್ಣ ಬಂದ. ನನ್ನನ್ನು ಕರೆಯಲು ಮೊದಲಿನಂತೆ ಬರಲಿಲ್ಲ, ನಾನೇ ಹೋದೆ. ಆದರೆ ಅವ್ವ ಅವನ ಪಾಲಿನ ಹಾಲನ್ನು ಅವನ ಕೈಯಿಂದಲೇ ಎರೆಸಿದಳು. ಫೋಟೊಕ್ಕೆ ನಿಂತಾಗ ನಾನು ಟೈಮರ್ ಹಾಕಲು ಹೋದೆ. "ಅದೆಲ್ಲ ಬ್ಯಾಡ, ನೀನ ತಗಿ" ಎಂದರು ಅಪ್ಪ. ನನಗೆ ಅರ್ಥವಾಯಿತು. ಕ್ಯಾಮೆರಾದ ಹಿಂದೆ ನಿಂತು ತೆಗೆದೆ. ಅಪ್ಪ ಈ ಸಲ ಕ್ಯಾಮೆರಾ ನೋಡಿದ್ದಾರೆ.

ಅವ್ವನಿಗೆ ಮನಸ್ಸು ತಡೆಯಲಿಲ್ಲ. ಹೊರಡುವಾಗ ಬಾಗಿಲಲ್ಲಿ, "ನಿನಗ ಬರತೈತಲ್ಲ, ನಿನ್ನೂ ಸೇರಿಸ್ಕ್ಯಾ" ಎಂದಳು. ಸೇರಿಸಿಕೊಂಡಿಲ್ಲ. ಸ್ಟುಡಿಯೋದಲ್ಲಿ ಫೋಟೊವನ್ನು ತೆರೆದು ನೋಡುತ್ತೇನೆ, ಮುಚ್ಚುತ್ತೇನೆ. ತೆಗೆಯುವಾಗ ನಾನು ಗಮನಿಸಿರಲಿಲ್ಲ, ಅಣ್ಣನ ಪಕ್ಕದಲ್ಲಿ ಒಂದಾಳು ನಿಲ್ಲುವಷ್ಟು ಜಾಗ ಇದೆ. ಅವನು ಬೇಕೆಂದೇ ಬಿಟ್ಟನೋ, ಸುಮ್ಮನೆ ಹಾಗೆ ನಿಂತನೋ ತಿಳಿಯದು. ಈ ಸಲ ಅವನಿಗೆ ಫೋನ್ ಮಾಡಿಯೇ ಕೇಳಬೇಕು.