ಮಳೆಗೆ ಬಿಗಿಯುವ ಬಾಗಿಲು

ಪಯ್ಯನ್ನೂರಿನ ಬಡಗಿ ಅಂಬು ಆಶಾರಿಗೆ ಮರದ ವಿಷಯದಲ್ಲಿ ಎದುರು ಮಾತಾಡುವ ಧೈರ್ಯ ಒಬ್ಬರಿಗೇ ಇತ್ತು, ವತ್ಸಲಾ ಟೀಚರಿಗೆ. ಅವರ ಮನೆಯ ಮುಂಬಾಗಿಲನ್ನು ಏಳು ವರ್ಷದ ಹಿಂದೆ ಹೆಬ್ಬಲಸಿನ ಮರದಲ್ಲಿ ಮಾಡಿದವನು ಅವನೇ. ಕರ್ಕಿಟಕ ತಿಂಗಳ ಜಡಿಮಳೆ ಹಿಡಿದರೆ ಸಾಕು, ಅದು ಬಿಗಿದುಕೊಳ್ಳುತ್ತಿತ್ತು.

"ಸೋಮವಾರ ಸ್ಟೀಲ್ ಬಾಗಿಲು ಬರ್ತದೆ, ಆಶಾರಿ. ಇದನ್ನು ಕಳಚಿ ಕೊಡಿ."

ಟೀಚರ ಮನೆಗೇ ಸ್ಟೀಲ್ ಬಂದರೆ ಊರಲ್ಲಿ ಇನ್ನು ಅಂಬುವಿನ ಬಾಗಿಲು ಯಾರಿಗೆ ಬೇಕು?

"ಮರ ಒಣಗಿದ್ದೇ ಟೀಚರ್. ಬಣ್ಣದವನು ಕೈಕೊಟ್ಟ."

"ಹೋದ ವರ್ಷ ನಾನು ನೆಲಕ್ಕೆ ನೀರು ಸುರಿದದ್ದು ತಪ್ಪು ಅಂದಿರಿ. ಅವತ್ತಿನಿಂದ ಬಟ್ಟೆ ಹಿಂಡಿ ಹಿಂಡಿ ಒರೆಸ್ತಿದ್ದೇನೆ. ಅದರ ಹಿಂದಿನ ವರ್ಷ ಸಮುದ್ರದ ಗಾಳಿ!"

"ಕರ್ಕಿಟಕದಲ್ಲಿ ಮುಂಬಾಗಿಲು ಕಳಚಿದರೆ ದೇವಿ ಹೊರಟು ಹೋಗ್ತಾಳೆ..."

"ಹೋಗಲಿ ಮಾರಾಯರೆ. ಈ ಬಾಗಿಲು ತೆರೆದುಕೊಂಡರಲ್ಲವೇ ಅವಳು ಒಳಗೆ ಬರೋದು?"

ಆ ಶಾಸ್ತ್ರ ಯಾವ ಗ್ರಂಥದಲ್ಲೂ ಇರಲಿಲ್ಲ. ಒಂದಾಳಿನ ಭಾರದ ಬಾಗಿಲನ್ನು ಕಳಚಲು ಸೋಮಾರಿತನವಾಗಿ ಅಂಬುವೇ ಹುಟ್ಟಿಸಿದ್ದು. ಪ್ರತಿ ವರ್ಷ ಬಾಗಿಲು ನಿಂತಲ್ಲೇ ಬೀಗದ ಕಡೆಯ ಅಂಚಿಗೆ ನಾಲ್ಕು ಸಲ ಹತ್ತರಿ ಎಳೆದು ಮರ ಕೀಸಿ, ಎರಡು ಚಹಾ ಕುಡಿದು ಹೋಗುತ್ತಿದ್ದ. ಹತ್ತರಿಗೆ ಅಂಚಿನ ಬಣ್ಣವೂ ಹೋಗಿ, ಮುಂದಿನ ಮಳೆಗೆ ಮರ ಇನ್ನಷ್ಟು ನೀರು ಕುಡಿಯುತ್ತಿತ್ತು. ಬೇಸಿಗೆಯಲ್ಲಿ ಮರ ಕುಗ್ಗಿ ಬಿದ್ದ ಸಂದಿನಲ್ಲಿ ಹಲ್ಲಿ ಓಡಾಡುತ್ತಿತ್ತು.

ಈ ಸಲ ಶಾಸ್ತ್ರ ನಡೆಯಲಿಲ್ಲ. ಟೀಚರ್ ಬಾಗಿಲಿನ ಒಂದು ಕಡೆ ಹಿಡಿದುಕೊಂಡರು. ಅಂಬು ಕೀಲಿನ ತಿರುಪು ಬಿಚ್ಚಿ, ಬಾಗಿಲನ್ನು ಜಗಲಿಯ ಬೆಂಚಿನ ಮೇಲೆ ಮಲಗಿಸಿ, ಏಳು ವರ್ಷದಲ್ಲಿ ಮೊದಲ ಸಲ ಅದರ ಬುಡ ನೋಡಿದ.

ಬುಡದಲ್ಲಿ ಒಂದು ಹನಿ ಬಣ್ಣವಿರಲಿಲ್ಲ. ಎರಡು ಬದಿಯ ನಿಲುವು ಪಟ್ಟಿಗಳ ಮರದ ಎಳೆಗಳೆಲ್ಲ ಅಲ್ಲಿ ಬಾಯಿ ತೆರೆದುಕೊಂಡು ಕಪ್ಪಾಗಿದ್ದವು. ನೀರು ಹೀರುವುದು ಆ ಬಾಯಿಂದಲೇ. ಹೀರಿದ ಮರ ಉದ್ದಕ್ಕೆ ಬೆಳೆಯದು, ಅಗಲಕ್ಕೆ ಉಬ್ಬುತ್ತದೆ. ಬಾಗಿಲು ಏಳೂ ವರ್ಷ ಕೆಳಮೂಲೆಯಲ್ಲಷ್ಟೇ ಕಚ್ಚುತ್ತಿದ್ದುದು ಅದಕ್ಕೇ. ಗೃಹಪ್ರವೇಶದ ಮುಹೂರ್ತ ಮೀರುತ್ತದೆಂದು ಬಣ್ಣದವನನ್ನು ದೂಡಿ, "ಬುಡಕ್ಕೆ ನಾನೇ ಬಳೀತೇನೆ, ನೀನು ನಡಿ" ಎಂದು ಹೇಳಿ ಮರೆತವನು ಯಾರು? ಮರದ ಮಹಾಪಂಡಿತ ಅಂಬು ಆಶಾರಿ!

ಮುಚ್ಚಿಡಬಹುದಿತ್ತು. ಟೀಚರಿಗೆ ಏನು ತಿಳಿಯುತ್ತದೆ? ಆದರೆ ಹೆಬ್ಬಲಸು ಕಬ್ಬಿಣದಂತೆ ಗಟ್ಟಿಯಾಗಿಯೇ ಇತ್ತು. ತಾನು ಬಾಯಿ ಮುಚ್ಚಿದರೆ ಅದಕ್ಕೆ ಕೆಟ್ಟ ಮರವೆಂಬ ಹೆಸರು ಬರುತ್ತದೆ. ಅದನ್ನು ಅವನಿಂದ ಸಹಿಸಲಾಗಲಿಲ್ಲ.

"ಟೀಚರ್, ತಪ್ಪು ನಂದು. ಬಣ್ಣದವನದ್ದೂ ಅಲ್ಲ, ನಿಮ್ಮ ನೀರಿನದ್ದೂ ಅಲ್ಲ."

ಎಲ್ಲ ಹೇಳಿದ. ಟೀಚರ್ ಬಗ್ಗಿ ಬುಡ ನೋಡಿದರು.

"ಹಾಗಾದರೆ ಈಗಲೇ ಬಳೀರಿ."

"ಈಗ ಬಳಿದರೆ ನೀರು ಒಳಗೇ ಉಳೀತದೆ. ಕೀಸಿದರೆ ಬೇಸಿಗೆಗೆ ಸಂದು ಬೀಳ್ತದೆ. ಧನು ತಿಂಗಳಲ್ಲಿ ಒಣಗಿದ ಮೇಲೆ ನಾನೇ ಬಂದು ಸರಿಮಾಡಿ ಬಳೀತೇನೆ."

"ಅಲ್ಲೀವರೆಗೆ?"

"ಇದನ್ನೇ ಮತ್ತೆ ಕೂರಿಸ್ತೇನೆ. ಭುಜ ಕೊಟ್ಟು ದೂಡಬೇಕು. ದೂಡುವಾಗ ನನಗೆ ಬೈಯಿರಿ."

ಟೀಚರ್ ಫೋನ್ ತೆಗೆದು ಸ್ಟೀಲ್ ಬಾಗಿಲಿನವರಿಗೆ ಹೇಳಿದರು: "ಸೋಮವಾರ ಬರ್ಬೇಡಿ. ಬಾಗಿಲು ಒಳ್ಳೇದೇ. ಆಶಾರಿಯೇ ಸರಿ ಇಲ್ಲ."

ಅಷ್ಟು ಒಳ್ಳೆಯ ಮಾತನ್ನು ಅಂಬು ಈಚೆಗೆ ಕೇಳಿರಲಿಲ್ಲ.