ಮುತ್ತಮ್ಮನ ಹೆಬ್ಬೆಟ್ಟಿಗೆ ಸಾಕ್ಷಿ

ಪಾಂಡವಪುರದ ಹೆಣ್ಣುಮಕ್ಕಳ ಹಾಸ್ಟೆಲಿನ ಅಡುಗೆಮನೆಗೆ ಸೇರಿದ ಮೇಲೆ ಮುತ್ತಮ್ಮನಿಗೆ ಎಲ್ಲವೂ ಸಲೀಸಾಗಿತ್ತು, ಸಂಬಳ ಒಂದು ಬಿಟ್ಟು. ಇರೋಕೆ ಒಂದು ಕೋಣೆ ಕೊಟ್ಟಿದ್ದರು, ಹೊತ್ತು ಹೊತ್ತಿಗೆ ಊಟ ಇತ್ತು. ಮುದ್ದೆ ತಿರುವೋದು, ಸಾರಿಗೆ ಒಗ್ಗರಣೆ ಹಾಕೋದು ಅವಳಿಗೆ ಹೊಸ ವಿದ್ಯೆ ಏನಲ್ಲ. ಸಂಬಳವೂ ತಿಂಗಳಾದ ಮೇಲೆ ಖಾತೆಗೆ ಬಂದು ಬೀಳುತ್ತಿತ್ತು. ಆದರೆ ಖಾತೆ ಇದ್ದದ್ದು ಕಿಕ್ಕೇರಿಯಲ್ಲಿ, ಅವಳು ಇದ್ದದ್ದು ಪಾಂಡವಪುರದಲ್ಲಿ.

ಅಲ್ಲೇ ಅದೇ ಬ್ಯಾಂಕಿನ ಇನ್ನೊಂದು ಶಾಖೆ ಇತ್ತು, ಹೋಗಿ ಕೇಳಿದಳು. ಇದು ಹೆಬ್ಬೆಟ್ಟಿನ ಖಾತೆ ಕಣಮ್ಮ, ದುಡ್ಡು ತೆಗೀಬೇಕಾದರೆ ನಿಮ್ಮ ಸ್ವಂತ ಶಾಖೆಗೇ ಹೋಗಬೇಕು ಅಂದರು. ಎಟಿಎಂ ಕಾರ್ಡು ಅವಳ ಹತ್ತಿರ ಇರಲಿಲ್ಲ. ಬೆರಳು ಒತ್ತಿಸಿಕೊಂಡು ದುಡ್ಡು ಕೊಡುವ ಅಂಗಡಿ ಒಂದಿದೆ ಅಂತ ಯಾರೋ ಹೇಳಿದರೆ ಅಲ್ಲಿಗೂ ಹೋದಳು. ಮಿಷನ್ನಿನ ಮೇಲೆ ಹೆಬ್ಬೆರಳು ಇಟ್ಟಳು, ತೋರುಬೆರಳು ಇಟ್ಟಳು, ಸೀರೆ ಸೆರಗಲ್ಲಿ ಒರೆಸಿ ಒರೆಸಿ ಹತ್ತೂ ಬೆರಳು ಇಟ್ಟಳು. ಅದು ಒಂದನ್ನೂ ಒಪ್ಪಲಿಲ್ಲ. ಕಿಕ್ಕೇರಿಯಲ್ಲಿ ಹೂ ಮಾರುತ್ತಿದ್ದಾಗ ಬಾಳೆನಾರು ಸುತ್ತಿ ಸುತ್ತಿ ಮಾಲೆ ಕಟ್ಟಿದ ಬೆರಳು, ಅದರ ಮೇಲೆ ಈಗ ಪಾತ್ರೆ ಉಜ್ಜುವ ಕೆಲಸ. ಗೆರೆ ಅನ್ನೋದೇ ಸವೆದು ನುಣ್ಣಗಾಗಿತ್ತು. ಹಾಗಾಗಿ ಸಂಬಳ ತೆಗೀಬೇಕು ಅಂದರೆ ಒಂದು ದಿನ ರಜ ಹಾಕಿ, ಕೆ.ಆರ್.ಪೇಟೆಗೆ ಒಂದು ಬಸ್ಸು, ಅಲ್ಲಿಂದ ಕಿಕ್ಕೇರಿಗೆ ಇನ್ನೊಂದು ಬಸ್ಸು. ರಜ ಹಾಕಿದ ದಿನದ ಕೂಲಿ ಕಂಟ್ರಾಕ್ಟರು ಹಿಡಿದುಕೊಳ್ಳುತ್ತಿದ್ದ.

ಹಾಸ್ಟೆಲಿನ ವಾರ್ಡನ್ನು ಅರ್ಪಿತ ಅನ್ನೋ ಹುಡುಗಿ. ಖಾತೇನೇ ಇಲ್ಲಿಗೆ ತರಿಸಿಕೊಂಡುಬಿಡಿ ಮುತ್ತಮ್ಮ, ಒಂದು ಅರ್ಜಿ ಕೊಟ್ಟರೆ ಆಯಿತು ಅಂತ ಅವಳೇ ಕಾಗದ ತೆಗೆದು ಕೂತಳು. ಬರೆದಾದ ಮೇಲೆ ಓದಿ ಹೇಳಿದಳು.

“ಶಾಖಾ ವ್ಯವಸ್ಥಾಪಕರು, ಕಿಕ್ಕೇರಿ ಶಾಖೆ, ಇವರಿಗೆ. ವಿಷಯ: ನನ್ನ ಉಳಿತಾಯ ಖಾತೆಯನ್ನು ಪಾಂಡವಪುರ ಶಾಖೆಗೆ ವರ್ಗಾಯಿಸುವ ಬಗ್ಗೆ. ನಾನು ಹೊಸ ಕೆಲಸದ ನಿಮಿತ್ತ ಪಾಂಡವಪುರಕ್ಕೆ ಬಂದು ವಾಸವಾಗಿರುತ್ತೇನೆ. ಆದ್ದರಿಂದ ನನ್ನ ಖಾತೆಯನ್ನು ಸದರಿ ಶಾಖೆಗೆ ವರ್ಗಾಯಿಸಿಕೊಡಬೇಕಾಗಿ ಕೋರುತ್ತೇನೆ.”

ಕೆಳಗೆ ಖಾತೆ ನಂಬರು, ಫೋನ್ ನಂಬರು, ಹಾಸ್ಟೆಲಿನ ವಿಳಾಸ. ಹೆಬ್ಬೆಟ್ಟಿಗೆ ಜಾಗ ಬಿಟ್ಟಿದ್ದಳು. ಜೊತೆಗೆ ಮುತ್ತಮ್ಮ ಇಲ್ಲೇ ಇದ್ದು ಕೆಲಸ ಮಾಡುತ್ತಾಳೆ ಅಂತ ಸೀಲು ಹಾಕಿ ಇನ್ನೊಂದು ಕಾಗದವನ್ನೂ ಕೊಟ್ಟಳು.

ಮುತ್ತಮ್ಮ ಎರಡನ್ನೂ ಹಿಡಿದುಕೊಂಡು ನಿಂತೇ ಇದ್ದಳು.

“ಇದ್ರಲ್ಲಿ ಇನಾಯತಣ್ಣನ ಎಸ್ರು ಇಲ್ವಲ್ಲ ಮೇಡಮ್ಮಾರೆ.”

ಯಾರವನು ಇನಾಯತಣ್ಣ ಅಂತ ಅರ್ಪಿತ ಕೇಳಿದ್ದಕ್ಕೆ ಮುತ್ತಮ್ಮ ಅಲ್ಲೇ ಬಾಗಿಲಿಗೆ ಒರಗಿ ಹೇಳಿದಳು.

ಕಿಕ್ಕೇರಿಯಲ್ಲಿ ಇನಾಯತುಲ್ಲಾ ಅಂದರೆ ಹಾಸಿಗೆ ಸಾಬರು. ಬಸ್‌ಸ್ಟ್ಯಾಂಡಿನ ಪಕ್ಕ ಅಂಗಡಿ. ಹತ್ತಿ ಹಿಂಜಿ ಹಾಸಿಗೆ, ದಿಂಬು ಮಾಡುತ್ತಿದ್ದರು. ಆ ಅಂಗಡಿ ಜಗುಲಿಯ ಮೇಲೆ ಮುತ್ತಮ್ಮ ಹೂವಿನ ಪುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಬಾಡಿಗೆ ಅಂತ ಅವರು ಕೇಳಿದ್ದಿಲ್ಲ. ದುಡ್ಡನ್ನು ಅರಿಶಿನದ ಡಬ್ಬಿಯಲ್ಲಿ ಇಡಬೇಡ, ಬ್ಯಾಂಕಿಗೆ ಹಾಕು ಅಂತ ಹೇಳಿದ್ದೂ ಅವರೇ. ಆವಾಗ ಬ್ಯಾಂಕಿನಲ್ಲಿ ಕಂಪ್ಯೂಟರು ಇರಲಿಲ್ಲ. ಖಾತೆ ತೆರೀಬೇಕಾದರೆ ಆಗಲೇ ಖಾತೆ ಇದ್ದವರೊಬ್ಬರು ಬಂದು, ಇವರನ್ನು ನಾನು ಬಲ್ಲೆ ಅಂತ ಸಹಿ ಹಾಕಬೇಕಿತ್ತು. ನಿನ್ನನ್ನು ಬಲ್ಲವರು ಯಾರಮ್ಮ ಅಂತ ಮ್ಯಾನೇಜರು ಕೇಳಿದಾಗ ಮುತ್ತಮ್ಮ ಅಂಗಡಿಗೆ ವಾಪಸು ಬಂದು ಹೇಳಿದಳು. ಇನಾಯತುಲ್ಲಾ ಹಿಂಜುವ ಬಿಲ್ಲನ್ನು ಅಲ್ಲೇ ಇಟ್ಟು, ಗಡ್ಡದಲ್ಲಿ ಹತ್ತಿ ಮೆತ್ತಿಕೊಂಡೇ ಎದ್ದು ಬಂದರು. ಮ್ಯಾನೇಜರು ನಕ್ಕರು. ಸಾಬರು ನಗಲಿಲ್ಲ. ಈಯಮ್ಮನನ್ನು ನಾನು ಬಲ್ಲೆ ಅಂತ ಬಾಯಲ್ಲಿ ಒಂದು ಸಲ ಹೇಳಿ ಆಮೇಲೆ ಸಹಿ ಹಾಕಿದರು.

“ಬಲ್ಲೆ ಅಂತ ಮಾತು ಕೊಟ್ಟೋರ ಕೇಳ್ದೆ ಖಾತೆ ಕಿತ್ಕೊಂಡು ಬರದು ಎಂಗೆ?” ಅಂದಳು ಮುತ್ತಮ್ಮ.

ಆ ಪದ್ಧತಿ ಈಗ ಇಲ್ಲ, ಆಧಾರ್ ಇದ್ದರೆ ಸಾಕು ಅಂತ ಅರ್ಪಿತ ಹೇಳಿದಳು. ಮುತ್ತಮ್ಮ ತಲೆಯಾಡಿಸಿದಳೇ ಹೊರತು ನಂಬಲಿಲ್ಲ. ಕೇಳದೆ ಹೋಗೋ ಹಾಗಿಲ್ಲ. ಕೇಳೋಣ ಅಂದರೆ ಆ ಮನುಷ್ಯನ ಜೊತೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಸಹಿ ಹಾಕಲ್ಲ ಹೋಗು ಅಂದುಬಿಟ್ಟರೆ ಖಾತೆ ಕಿಕ್ಕೇರಿಯಲ್ಲೇ ಕೂರುತ್ತದೆ, ತಾನು ತಿಂಗಳು ತಿಂಗಳೂ ಬಸ್ಸು ಹತ್ತಿ ಇಳಿಯಬೇಕಾಗುತ್ತದೆ ಅನ್ನೋದೇ ಅವಳ ಭಯ.

ಮಾತು ಬಿಟ್ಟದ್ದು ಹೀಗೆ. ಗಂಡ ಚೌಡಯ್ಯ ತೀರಿಕೊಂಡ ಮೇಲೆ, ಕಾರ್ಯ ಎಲ್ಲ ಮುಗಿಸಿ, ಅವಳು ಮತ್ತೆ ಪುಟ್ಟಿ ಹೊತ್ತು ಜಗುಲಿಗೆ ಬಂದಳು. ಹೂ ಕೊಳ್ಳೋಕೆ ಬಂದ ಕೆಲವರು ಅವಳ ಬೋಳು ಹಣೆ ನೋಡಿ ಮುಂದಿನ ಅಂಗಡಿಗೆ ಹೋದರು. ಕೆಲವರು ಕೇಳೋ ಹಾಗೆಯೇ ಗೊಣಗಿದರು. ಮುತ್ತಮ್ಮ ತಲೆ ಬಗ್ಗಿಸಿ ಮಾಲೆ ಕಟ್ಟುತ್ತಿದ್ದಳು. ಒಂದು ಬೆಳಿಗ್ಗೆ ಇನಾಯತುಲ್ಲಾ ಬಂದು, ಸ್ವಲ್ಪ ದಿನ ಒಳಗೆ ಕೂತು ಕಟ್ಟು ಮುತ್ತಮ್ಮ, ಮುಂದೆ ಕೂತು ಮಾರೋಕೆ ನನ್ನ ಮಗ ಅಫ್ರೋಜ್ ಇರಲಿ ಅಂದರು. ಅವಳು ಕಟ್ಟುತ್ತಿದ್ದ ಮಾಲೆಯನ್ನು ಪುಟ್ಟಿಗೆ ಹಾಕಿದಳು. ಪುಟ್ಟಿ ಎತ್ತಿ ತಲೆಗಿಟ್ಟುಕೊಂಡು ರಸ್ತೆ ದಾಟಿ, ಎದುರಿನ ಹೊಂಗೆ ಮರದ ಕೆಳಗೆ ಹೋಗಿ ಕೂತಳು. ಕೊಳ್ಳುವವರು ಅಲ್ಲಿಗೂ ಬಂದು ಕೊಂಡರು, ಬಿಡುವವರು ಬಿಟ್ಟರು. ಆ ವರ್ಷ ರಂಜಾನಿಗೆ ಸಾಬರ ಹೆಂಡತಿ ಅಸ್ಗರಿ ಬೇಗಂ ಎಂದಿನಂತೆ ಡಬ್ಬಿಯಲ್ಲಿ ಶಾವಿಗೆ ಪಾಯಸ ಕಳಿಸಿದಳು. ಮುತ್ತಮ್ಮ ಡಬ್ಬಿ ತೊಳೆದು ಬರಿದಾಗಿ ವಾಪಸು ಕಳಿಸಿದಳು, ಒಂದು ಹಿಡಿ ಸಕ್ಕರೆಯನ್ನೂ ಹಾಕಲಿಲ್ಲ. ಅದು ಎಂಥ ಮಾತು ಅಂತ ಕಳಿಸಿದವಳಿಗೂ ಗೊತ್ತಿತ್ತು, ತೆಗೆದುಕೊಂಡವಳಿಗೂ ಗೊತ್ತಿತ್ತು. ಮತ್ತೆ ಡಬ್ಬಿ ಬರಲಿಲ್ಲ.

ಇಷ್ಟೆಲ್ಲ ಅವಳು ಅರ್ಪಿತಳಿಗೆ ಹೇಳಲಿಲ್ಲ. ರಜ ಕೇಳಿಕೊಂಡು ಬೆಳಿಗ್ಗೆ ಬಸ್ಸು ಹತ್ತಿದಳು. ಕೆ.ಆರ್.ಪೇಟೆಯಲ್ಲಿ ಇಳಿದಾಗ ಹೂ ಮಾರುವವರ ಹತ್ತಿರ ಬಿಡಿ ಮಲ್ಲಿಗೆ ಕಂಡಿತು. ಕೊಂಡಳು, ನಾರನ್ನೂ ಕೇಳಿ ತೆಗೆದುಕೊಂಡಳು. ಕಿಕ್ಕೇರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಬಸ್ಸು ಎಷ್ಟೇ ಕುಲುಕಿದರೂ ಒಂದು ಹೂ ಕೆಳಗೆ ಬೀಳದ ಹಾಗೆ ಕಟ್ಟುತ್ತಾ ಹೋದಳು.

ಅಂಗಡಿ ಈಗ ಬೇರೆ ಥರ ಆಗಿತ್ತು. ಮಗ ಅಫ್ರೋಜ್ ಸ್ಪಂಜಿನ ಹಾಸಿಗೆಗಳನ್ನು ಬಾಗಿಲತನಕ ಪೇರಿಸಿದ್ದ. ಇನಾಯತುಲ್ಲಾ ಒಳಗೆ ಕುರ್ಚಿಯ ಮೇಲೆ ಕೂತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ಈಗ ಹತ್ತಿ ಮೆತ್ತಿದರೂ ಗೊತ್ತಾಗುತ್ತಿರಲಿಲ್ಲ. ಅವರೇ ಮೊದಲು ನೋಡಿದರು.

“ರಸ್ತೆ ದಾಟೋಕೆ ಇಷ್ಟು ವರ್ಸ ಬೇಕಾಯ್ತಾ ಮುತ್ತಮ್ಮ? ಪಾಂಡವಪುರ ಸೇರ್ಕೊಂಡೆ ಅಂತ ಕೇಳಿದ್ದೆ, ಅಲ್ಲಿಂದ ಸುತ್ತಾಕ್ಕೊಂಡು ಬಂದಿದ್ದೀಯ.”

“ರಸ್ತೆ ಅಗಲ ಮಾಡ್ದೋನು ನೀನು ಕಣಣ್ಣ.”

ಅಫ್ರೋಜ್ ಕೈಯಲ್ಲಿದ್ದ ಟೇಪು ಬಿಟ್ಟು ಇಬ್ಬರ ಮುಖವನ್ನೂ ನೋಡಿದ. ಮುತ್ತಮ್ಮ ನಿಂತುಕೊಂಡೇ ಬಂದ ವಿಷಯ ಹೇಳಿದಳು. ಹೊಸ ಕೆಲಸ ಸಿಕ್ಕಿದ್ದು, ಬೆರಳು ಮಿಷನ್ನಿಗೆ ಹಿಡಿಸದೇ ಇದ್ದದ್ದು, ಅರ್ಜಿ ಬರೆಸಿದ್ದು. ಕೊನೆಗೆ ಕಾಗದ ಚಾಚಿದಳು.

“ಬಲ್ಲೆ ಅಂತ ನೀನು ಬರ್ಕೊಟ್ಟಿದ್ದೆ. ಆ ಮಾತಿನ ಮ್ಯಾಲೆ ಇಷ್ಟು ಕಾಲ ಅಲ್ಲಿ ದುಡ್ಡು ಇಟ್ಟಿವ್ನಿ. ಈಗ ತಕ್ಕೊಂಡು ಓಯ್ತಾ ಇವ್ನಿ. ಏಳ್ದೆ ಓಗ್ಬಾರ್ದು ಅಂತ ಬಂದೆ.”

ಇನಾಯತುಲ್ಲಾ ಕಾಗದ ಮುಟ್ಟಲಿಲ್ಲ. ಆವತ್ತು ತಾನು ಆಡಿದ್ದು ಬರೀ ವ್ಯಾಪಾರದ ಮಾತಲ್ಲ, ಜನ ಅವಳ ಎದುರಿಗೇ ಗೊಣಗೋದನ್ನ ನೋಡೋಕೆ ತನ್ನ ಕೈಲಿ ಆಗುತ್ತಿರಲಿಲ್ಲ ಅಂದರು.

“ಗೊಣಗಿದ್ದು ನನ್ನ. ನಾನು ತಡ್ಕೊಂಡು ಕೂತಿರ್ಲಿಲ್ವಾ? ನೀನು ಪಕ್ಕದಲ್ಲಿ ಸುಮ್ನೆ ಕೂತಿದ್ರೆ ಸಾಕಾಗಿತ್ತು ಕಣಣ್ಣ. ಬಲ್ಲೆ ಅಂದೋನು ಒಳಕ್ಕೋಗು ಅಂದ್ಬುಟ್ಟೆ.”

ಇನಾಯತುಲ್ಲಾ ಕುರ್ಚಿಯ ಕೈ ಹಿಡಿದು ಎದ್ದರು. ಮಗನಿಗೆ ಚಪ್ಪಲಿ ಈ ಕಡೆ ತಳ್ಳು ಅಂದರು. ಕನ್ನಡಕ ಹಾಕಿಕೊಂಡು, ನಡಿ, ಬ್ಯಾಂಕು ಊಟಕ್ಕೆ ಎದ್ದುಬಿಡುತ್ತದೆ ಅಂದರು.

ಬ್ಯಾಂಕಿನಲ್ಲಿ ಅಂಬಿಕ ಅನ್ನೋ ಹೊಸ ಆಫೀಸರು ಕೂತಿದ್ದಳು. ಅರ್ಜಿ ಓದಿದಳು. ಪಾಸ್‌ಬುಕ್ಕಿನ ಫೋಟೋ, ಆಧಾರಿನ ಫೋಟೋ, ಎದುರಿಗಿದ್ದ ಮುಖ ಮೂರನ್ನೂ ನೋಡಿದಳು. ಹಾಸ್ಟೆಲಿನ ಕಾಗದವನ್ನು ಹೊಸ ವಿಳಾಸಕ್ಕೆ ಅಂತ ಇಟ್ಟುಕೊಂಡಳು. ಖಾತೆ ನಂಬರು ಇದೇ ಇರುತ್ತದೆ, ನಾಮಿನಿ ಹೆಸರೂ ಹಾಗೇ ಇರುತ್ತದೆ, ಬದಲಾಗೋದು ಶಾಖೆಯ ಕೋಡು, ಅದನ್ನು ಸಂಬಳ ಹಾಕುವವರಿಗೆ ತಿಳಿಸಬೇಕು ಅಂತ ಬಿಡಿಸಿ ಹೇಳಿದಳು. ವಿಧವಾ ವೇತನ ನಿಂತುಹೋಗುತ್ತದಾ ಅಂತ ಮುತ್ತಮ್ಮ ಕೇಳಿದಳು. ಅದು ಆಧಾರ್ ಜೋಡಿಸಿರೋ ಖಾತೆಗೆ ಬರೋದು, ಖಾತೆ ಅದೇ ಅಲ್ವಾ, ನಿಲ್ಲಲ್ಲ ಅಂದಳು. ಕೆಲವು ದಿನ ಬಿಟ್ಟು ಫೋನಿಗೆ ಮೆಸೇಜು ಬಂದ ಮೇಲೆ ಪಾಂಡವಪುರದಲ್ಲೇ ಹೊಸ ಪಾಸ್‌ಬುಕ್ಕು ಕೇಳಿ ತೆಗೆದುಕೊಳ್ಳಿ ಅಂತಲೂ ಹೇಳಿದಳು.

ಇನಾಯತುಲ್ಲಾ ಆಗಲೇ ಜೇಬಿನಿಂದ ಪೆನ್ನು ತೆಗೆದಿದ್ದರು. ಈಯಮ್ಮನ ಖಾತೆಗೆ ಪರಿಚಯ ಹಾಕಿದವನು ನಾನು, ಎಲ್ಲಿ ಸಹಿ ಮಾಡಬೇಕು ಅಂದರು.

ಪರಿಚಯದವರ ಸಹಿ ಈಗ ಬೇಡ ತಾತ, ಆ ಪದ್ಧತಿ ಹೋಯಿತು ಅಂತ ಅಂಬಿಕ ಮೆತ್ತಗೆ ಹೇಳಿದಳು. ಇನಾಯತುಲ್ಲಾ ಪೆನ್ನು ಹಿಡಿದುಕೊಂಡೇ ನಿಂತರು. ಅರ್ಪಿತ ಹೇಳಿದ್ದು ನಿಜ ಅಂತ ಮುತ್ತಮ್ಮನಿಗೆ ಆಗ ಗೊತ್ತಾಯಿತು. ತಾನು ಈ ಮುದುಕನ ಹತ್ತಿರ ಹೋಗದೇ ನೇರ ಇಲ್ಲಿಗೇ ಬಂದಿದ್ದರೂ ಕೆಲಸ ಆಗುತ್ತಿತ್ತು.

ಅಂಬಿಕ ಇಂಕಿನ ಪ್ಯಾಡು ಮುಂದೆ ತಳ್ಳಿದಳು. ನೀವು ನನ್ನ ಕಣ್ಣೆದುರಿಗೇ ಹೆಬ್ಬೆಟ್ಟು ಒತ್ತಬೇಕು, ಅದರ ಪಕ್ಕ ಬ್ಯಾಂಕಿಗೆ ಗೊತ್ತಿರೋ ಒಬ್ಬರು ಸಾಕ್ಷಿ ಸಹಿ ಹಾಕಬೇಕು ಅಂದಳು. ಯಾರಾದರೂ ಆಗುತ್ತದೆ, ನಮ್ಮ ಅಟೆಂಡರನ್ನೇ ಕರೀತೀನಿ ಅಂತ ತಿರುಗಿದಳು.

“ಬ್ಯಾಡ ಕಣವ್ವ,” ಅಂದಳು ಮುತ್ತಮ್ಮ. “ಇವ್ರೇ ಆಕ್ಲಿ. ಇವ್ರು ನನ್ನ ಬಲ್ರು.”

ಹೆಬ್ಬೆಟ್ಟು ಕಾಗದದ ಮೇಲೆ ಮೂಡಿತು, ನಡುವೆ ಗೆರೆಯೇ ಇಲ್ಲದ ನೀಲಿ ಬೊಟ್ಟು. ಇನಾಯತುಲ್ಲಾ ಅದರ ಪಕ್ಕ ಬಗ್ಗಿ, ಒಂದು ಅಕ್ಷರವೂ ಬಿಡದೆ ಹೆಸರು ಪೂರ್ತಿ ಬರೆದರು. ಕೆಳಗೆ ತಮ್ಮ ಖಾತೆ ನಂಬರು ಬರೆದರು. ಅಂಬಿಕ ಸೀಲು ಒತ್ತಿ, ಅರ್ಜಿ ತಲುಪಿದೆ ಅಂತ ಒಂದು ಪ್ರತಿ ಕೊಟ್ಟಳು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಇನಾಯತುಲ್ಲಾ ಅಂಗಡಿಗೆ ವಾಪಸು ಬಂದು ಜಗುಲಿಯ ಮೇಲಿದ್ದ ದಿಂಬಿನ ಮೂಟೆಯನ್ನು ಅಫ್ರೋಜ್ ಕೈಲಿ ಒಳಗೆ ಹಾಕಿಸಿದರು. ಮುತ್ತಮ್ಮ ತನ್ನ ಹಳೇ ಜಾಗದಲ್ಲಿ, ಎಲ್ಲರಿಗೂ ಕಾಣೋ ಹಾಗೆ ಕೂತಳು. ಅವರು ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಸುಮ್ಮನೆ ಕೂತರು. ಹಾದು ಹೋದವರಲ್ಲಿ ಒಬ್ಬಿಬ್ಬರು, ಹೂ ಇಲ್ವಾ ಮುತ್ತಮ್ಮ ಅಂತ ಕೇಳಿದರು.

ಹೂ ಇತ್ತು, ಮಾರೋಕಲ್ಲ. ಸುದ್ದಿ ಕೇಳಿ ಹಿಂದಿನ ಮನೆಯಿಂದ ಬಂದ ಅಸ್ಗರಿ ಬೇಗಂಗೆ ಅವಳು ಮಲ್ಲಿಗೆ ದಂಡೆ ಕೊಟ್ಟಳು. ಅಸ್ಗರಿ ಅದನ್ನು ಮೂಸಿ, ದುಪಟ್ಟದ ಅಡಿ ಜಡೆಗೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆಯೋ ಹೊತ್ತಿಗೆ ಒಂದು ಡಬ್ಬಿ ತಂದು ಮುತ್ತಮ್ಮನ ಮಡಿಲಲ್ಲಿಟ್ಟಳು. ಅದೇ ಹಳೇ ಡಬ್ಬಿ, ಇನ್ನೂ ಬಿಸಿ ಇತ್ತು.

“ಈ ಸಲ ಖಾಲಿ ಕಳಿಸ್ಬೇಡ ಮುತ್ತಮ್ಮ.”

“ಕಳ್ಸಕ್ಕೆ ಅಲ್ಲಿ ನಂಗೆ ಯಾರವ್ರೆ ಬೂಬಮ್ಮ?” ಅಂದಳು ಮುತ್ತಮ್ಮ, ಏಳುತ್ತಾ. “ನಾನೇ ತಂದ್ಕೊಡ್ಬೇಕು.”